ಕಿರಣ ತ್ರಿಭುಜಕ್ಕೆ ತಾಗಿತಾ? ಲೆಕ್ಕ ಹಾಕುವ ಮೂರು ದಾರಿ, ಯಾವುದು ಯಾವಾಗ

ಕಿರಣಗಳನ್ನು ಹಿಂಬಾಲಿಸಿ ಚಿತ್ರ ಬಿಡಿಸುವ ರೇ ಟ್ರೇಸರ್ ಬರೆಯಲು ಕೂತವರು ಮೊದಲು ಗೋಳದ ಜೊತೆ ಆಟ ಆಡುತ್ತಾರೆ. ಆಮೇಲೆ ತ್ರಿಭುಜಗಳಿಂದಲೇ ಆದ ನಿಜವಾದ ಮಾಡೆಲ್ ಒಂದನ್ನು ಲೋಡ್ ಮಾಡಿದ ಕೂಡಲೇ ತ್ರಿಭುಜದ ಪ್ರಶ್ನೆ ಎದುರಾಗುತ್ತದೆ. ಒಂದು ಬಿಂದುವಿನಿಂದ ಒಂದು ದಿಕ್ಕಿಗೆ ಕಿರಣ ಹೊರಟಿದೆ. ಅದು ಈ ತ್ರಿಭುಜಕ್ಕೆ ತಾಗುತ್ತದಾ, ತಾಗಿದರೆ ಎಲ್ಲಿ? ಇದಕ್ಕೆ ಕೋಡ್ ಹುಡುಕಿದರೆ ಹತ್ತಾರು ಸಿಗುತ್ತವೆ. ಹೆಸರು ಬೇರೆ, ಸಾಲುಗಳ ಕ್ರಮ ಬೇರೆ, ಆದರೆ ಉತ್ತರ ಮಾತ್ರ ಎಲ್ಲದರಲ್ಲೂ ಒಂದೇ ಬರುವ ಹಾಗೆ ಕಾಣುತ್ತದೆ.

ಕಾಗದದ ಮೇಲೆ ಹೌದು, ಒಂದೇ. ಕಂಪ್ಯೂಟರಿನ ಫ್ಲೋಟ್‌ಗಳಲ್ಲಿ ಅಲ್ಲ. ವೇಗ ನೋಡಿ ಆರಿಸಿ ಎಂದು ಹೆಚ್ಚಿನವರು ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಲೆಕ್ಕ ಎಲ್ಲಿ ರೌಂಡ್ ಆಗುತ್ತದೆ, ಆ ರೌಂಡಿಂಗ್ ಪಕ್ಕದ ತ್ರಿಭುಜದಲ್ಲೂ ಅದೇ ರೀತಿ ಆಗುತ್ತದಾ ಎಂಬುದನ್ನು ಮೊದಲು ನೋಡಬೇಕು.

## ಎಲ್ಲರೂ ಹುಡುಕುವುದು ಅದೇ ಮೂರು ಸಂಖ್ಯೆ

ತ್ರಿಭುಜದ ಮೂಲೆಗಳು A, B, C ಇರಲಿ. ಅದರ ಸಮತಲದಲ್ಲಿರುವ ಯಾವ ಬಿಂದುವನ್ನಾದರೂ ಹೀಗೆ ಬರೆಯಬಹುದು:

```
P = w*A + u*B + v*C,   w + u + v = 1
```

ಈ w, u, v ಗಳೇ ಬ್ಯಾರಿಸೆಂಟ್ರಿಕ್ ನಿರ್ದೇಶಾಂಕಗಳು. ಜರ್ಮನಿಯ ಮೊಬಿಯಸ್ 1827ರಲ್ಲಿ ಇವನ್ನು ಪರಿಚಯಿಸಿದ. ಮೂರು ಮೂಲೆಗಳಲ್ಲಿ w, u, v ತೂಕಗಳನ್ನಿಟ್ಟರೆ ಒಟ್ಟು ಭಾರದ ಕೇಂದ್ರ P ಆಗುತ್ತದೆ ಎಂಬುದು ಅವನ ಯೋಚನೆ. ನಮಗೆ ಬೇಕಾದ್ದು ಅದರ ಒಂದು ಗುಣ. ಮೂರೂ ಸಂಖ್ಯೆಗಳು ಸೊನ್ನೆ ಅಥವಾ ಹೆಚ್ಚು ಇದ್ದರೆ P ಒಳಗಿದೆ. u ಋಣವಾದರೆ, B ಎದುರಿನ ಅಂಚಾದ AC ಯನ್ನು ದಾಟಿ P ಆಚೆಗೆ ಹೋಗಿದೆ.

ಇದನ್ನೇ ಯಾಕೆ ಬಳಸಬೇಕು? ತಾಗಿದ್ದು ಗೊತ್ತಾದ ಮೇಲೂ ಇದೇ ಸಂಖ್ಯೆಗಳು ಕೆಲಸಕ್ಕೆ ಬರುತ್ತವೆ. ಮೂರು ಮೂಲೆಗಳಲ್ಲಿ ಮೇಲ್ಮೈ ಮುಖ ಮಾಡಿದ ದಿಕ್ಕುಗಳಾದ ನಾರ್ಮಲ್‌ಗಳನ್ನು w, u, v ಯಿಂದ ಗುಣಿಸಿ ಕೂಡಿದರೆ ತಾಗಿದ ಜಾಗದ ನಯವಾದ ನಾರ್ಮಲ್ ಸಿಗುತ್ತದೆ. ಟೆಕ್ಸ್ಚರ್‌ಗೂ ಅದೇ ಲೆಕ್ಕ. ಒಳಗಿದೆಯಾ ಅಂತ ನೋಡಲು ಒಂದು, ಬಣ್ಣ ಹಚ್ಚಲು ಇನ್ನೊಂದು ಅಂತ ಎರಡು ಸಲ ಲೆಕ್ಕ ಬೇಕಿಲ್ಲ.

ಮೂರೂ ದಾರಿಗಳಿಗೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಆಗ ಹೋಲಿಸುವುದು ಸುಲಭ.

```
A = (0,0,4)   B = (4,0,4)   C = (0,4,6)
O = (1,1,0)   D = (0,0,1)
```

O ಕಿರಣ ಹೊರಡುವ ಜಾಗ, D ಅದರ ದಿಕ್ಕು. ಕಿರಣ ನೇರ z ದಿಕ್ಕಿಗೆ ಹೋಗುತ್ತದೆ. ತ್ರಿಭುಜ ಸ್ವಲ್ಪ ವಾಲಿದೆ.

## ಮೊದಲ ದಾರಿ: ಸಮತಲ ಮೊದಲು, ಒಳಗಾ ಹೊರಗಾ ಆಮೇಲೆ

ಮನಸ್ಸಿಗೆ ಸಹಜವಾಗಿ ಹೊಳೆಯುವುದು ಇದೇ. ತ್ರಿಭುಜ ಕೂತಿರುವ ಸಮತಲವನ್ನು ಕಿರಣ ಎಲ್ಲಿ ದಾಟುತ್ತದೆ ನೋಡು. ಆ ಬಿಂದು ತ್ರಿಭುಜದ ಒಳಗಿದೆಯಾ ನೋಡು.

ಎರಡು ಅಂಚುಗಳು E1 = B − A = (4,0,0) ಮತ್ತು E2 = C − A = (0,4,2). ಇವುಗಳ ಕ್ರಾಸ್ ಪ್ರಾಡಕ್ಟ್ N = (0,−8,16). ಕಿರಣದ ದೂರ t = N·(A−O) / N·D. ಮೇಲಿನದು 72, ಕೆಳಗಿನದು 16. ಹಾಗಾಗಿ t = 4.5, ತಾಗಿದ ಬಿಂದು P = (1, 1, 4.5).

ಈಗ P ಯ ತೂಕಗಳು ಬೇಕು. ತುಂಬಾ ಕಡೆ ಕಾಣುವ ವಿಧಾನ ಡಾಟ್ ಪ್ರಾಡಕ್ಟ್‌ಗಳದ್ದು. Q = P − A = (1, 1, 0.5) ಅಂತ ಇಟ್ಟುಕೊಂಡು ಐದು ಡಾಟ್‌ಗಳನ್ನು ತೆಗೆಯುತ್ತಾರೆ:

```
d00 = E1·E1 = 16    d01 = E1·E2 = 0    d11 = E2·E2 = 20
d20 = Q·E1  = 4     d21 = Q·E2  = 5
den = d00*d11 - d01*d01           = 320
u   = (d11*d20 - d01*d21) / den   = 0.25
v   = (d00*d21 - d01*d20) / den   = 0.25
```

ಉಳಿದ w = 0.5. ಮೂರೂ ಧನ, ಅಂದರೆ ತಾಗಿತು.

ಈ ದಾರಿಯ ಒಳ್ಳೆಯ ಗುಣ ಎಂದರೆ ಪ್ರತಿ ಹೆಜ್ಜೆಯನ್ನೂ ಕಣ್ಣಲ್ಲಿ ನೋಡಬಹುದು. t ತಪ್ಪಾದರೆ ಸಮತಲದಲ್ಲಿ ತಪ್ಪು, t ಸರಿಯಿದ್ದು ಉತ್ತರ ತಪ್ಪಾದರೆ ತೂಕದಲ್ಲಿ ತಪ್ಪು. ಇನ್ನೊಂದು ಅನುಕೂಲವೂ ಇದೆ. t ಮೊದಲೇ ಸಿಗುವುದರಿಂದ, ಇದಕ್ಕಿಂತ ಹತ್ತಿರ ಬೇರೆ ತ್ರಿಭುಜ ಆಗಲೇ ತಾಗಿದ್ದರೆ ಮುಂದಿನ ಲೆಕ್ಕವನ್ನೇ ಬಿಡಬಹುದು.

ಆದರೆ ಈ ಡಾಟ್ ಲೆಕ್ಕದಲ್ಲಿ ಒಂದು ಹಳ್ಳ ಇದೆ. `den` ಎನ್ನುವುದು ತ್ರಿಭುಜದ ವಿಸ್ತೀರ್ಣದ ವರ್ಗದ ನಾಲ್ಕು ಪಟ್ಟು. ತ್ರಿಭುಜ ತೆಳ್ಳಗಿದ್ದರೆ ಈ ವರ್ಗ ತೀರಾ ಚಿಕ್ಕದಾಗುತ್ತದೆ. ಅದನ್ನು ಪಡೆಯುವುದು ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು. E1 = (1,0,0), E2 = (1, 0.001, 0) ತೆಗೆದುಕೊಳ್ಳಿ. d00 = 1, d01 = 1, d11 = 1.000001. ಕಳೆದರೆ ಉಳಿಯಬೇಕಾದ್ದು 0.000001. 32 ಬಿಟ್ ಫ್ಲೋಟ್‌ನಲ್ಲಿ 1ರ ಆಚೆ ಹೆಜ್ಜೆಯ ಅಳತೆ ಸುಮಾರು 0.00000012. ಹಾಗಾಗಿ 1.000001 ಅಲ್ಲಿ ಸರಿಯಾಗಿ ಕೂರುವುದಿಲ್ಲ. ಕಳೆದ ಮೇಲೆ ಉಳಿಯುವುದು ಸುಮಾರು 0.00000095. ಒಂದೇ ಕಳೆಯುವಿಕೆಯಲ್ಲಿ ಹತ್ತಿರ ಹತ್ತಿರ ಶೇ 5 ತಪ್ಪು! ಅದೇ ಎರಡು ಅಂಚುಗಳ ಕ್ರಾಸ್ ಪ್ರಾಡಕ್ಟ್ ತೆಗೆದರೆ (0, 0, 0.001) ಬರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ.

ಆದ್ದರಿಂದ ಈ ದಾರಿಯಲ್ಲೇ ಹೋಗುವವರು ಡಾಟ್‌ಗಳನ್ನು ಬಿಟ್ಟು ಇನ್ನೊಂದು ರೀತಿ ಮಾಡಬಹುದು. N ನ ಮೂರು ಭಾಗಗಳಲ್ಲಿ ಯಾವುದು ದೊಡ್ಡದೋ ಆ ಅಕ್ಷವನ್ನು ಬಿಟ್ಟುಬಿಡಿ. ಉಳಿದ ಎರಡು ಅಕ್ಷಗಳಲ್ಲಿ ಚಪ್ಪಟೆ ತ್ರಿಭುಜ ಅಂದುಕೊಂಡು ವಿಸ್ತೀರ್ಣಗಳ ಅನುಪಾತ ತೆಗೆಯಿರಿ. ಉದಾಹರಣೆಯಲ್ಲಿ z ದೊಡ್ಡದು. z ಬಿಟ್ಟರೆ x = 4u = 1, y = 4v = 1. ಲೆಕ್ಕ ಅಲ್ಲಿಗೆ ಮುಗಿಯಿತು.

ಇದರಾಚೆ ಇನ್ನೊಂದು ತೊಂದರೆ ಉಳಿಯುತ್ತದೆ. P ಯನ್ನು ಮೊದಲೇ ರೌಂಡ್ ಮಾಡಿ ಆಮೇಲೆ ಒಳಗಿದೆಯಾ ಎಂದು ಕೇಳುತ್ತಿದ್ದೇವೆ. ಪಕ್ಕದ ತ್ರಿಭುಜಕ್ಕೆ ಸಮತಲ ಬೇರೆ, ಹಾಗಾಗಿ ಅದರ P ಬೇರೆ ರೀತಿ ರೌಂಡ್ ಆಗುತ್ತದೆ. ಇದು ಹಂಚಿಕೊಂಡ ಅಂಚಿನ ಮೇಲೆ ಬಿದ್ದ ಕಿರಣಕ್ಕೆ ಮುಳುವಾಗುತ್ತದೆ. ಮುಂದೆ ಅಲ್ಲಿಗೇ ಬರೋಣ.

## ಎರಡನೆಯ ದಾರಿ: ಮೊಲ್ಲರ್–ಟ್ರಂಬೋರ್

ಟೊಮಾಸ್ ಮೊಲ್ಲರ್ ಮತ್ತು ಬೆನ್ ಟ್ರಂಬೋರ್ 1997ರಲ್ಲಿ ಪ್ರಕಟಿಸಿದ ವಿಧಾನ ಇದು. ಸಮತಲದ ಸಮೀಕರಣವನ್ನೇ ಅವರು ಬಿಟ್ಟರು. ಕಿರಣದ ಮೇಲಿನ ಬಿಂದು ಮತ್ತು ತ್ರಿಭುಜದ ಮೇಲಿನ ಬಿಂದು ಒಂದೇ ಎಂದು ಬರೆದರೆ ಸಿಗುವುದು ಇದು:

```
O + t*D = A + u*E1 + v*E2
```

x, y, z ಗಳಿಗೆ ಒಂದೊಂದರಂತೆ ಮೂರು ಸಮೀಕರಣ, ಗೊತ್ತಿಲ್ಲದ್ದೂ ಮೂರು. ಇಂಥವನ್ನು ಡಿಟರ್ಮಿನೆಂಟ್‌ಗಳಿಂದ ಬಿಡಿಸುವ ಕ್ರೇಮರ್ ನಿಯಮ ಹಚ್ಚಿದರೆ ಸಾಕು. ಡಿಟರ್ಮಿನೆಂಟ್‌ಗಳನ್ನು ಕ್ರಾಸ್ ಮತ್ತು ಡಾಟ್‌ಗಳಾಗಿ ಬಿಡಿಸಿ, ಎರಡು ಕಡೆ ಬರುವ ಕ್ರಾಸ್‌ಗಳನ್ನು ಒಂದೇ ಸಲ ತೆಗೆದಿಡುವುದು ಇದರ ಜಾಣತನ.

```
vec3 e1 = B - A, e2 = C - A;
vec3 p = cross(D, e2);
float det = dot(e1, p);
if (det == 0) return false;
float inv = 1 / det;
vec3 s = O - A;
u = dot(s, p) * inv;
if (!(u >= 0 && u <= 1)) return false;
vec3 q = cross(s, e1);
v = dot(D, q) * inv;
if (!(v >= 0 && u + v <= 1)) return false;
t = dot(e2, q) * inv;
return t > tMin && t < tMax;
```

ನಮ್ಮ ಸಂಖ್ಯೆಗಳನ್ನು ಹಾಕೋಣ. p = (−4,0,0), det = −16. s = (1,1,−4), ಹಾಗಾಗಿ u = −4 / −16 = 0.25. q = (0,−16,−4), v = −4 / −16 = 0.25. ಕೊನೆಗೆ t = −72 / −16 = 4.5. ಅದೇ ಉತ್ತರ.

ತಪ್ಪುವ ಕಿರಣವನ್ನೂ ನೋಡಿ. O = (3,2,0) ಇಟ್ಟರೆ u = 0.75, v = 0.5. ಒಂದೊಂದೇ ನೋಡಿದರೆ ಎರಡೂ ಸರಿ. ಕೂಡಿದರೆ 1.25, ಅಂದರೆ w = −0.25. ಕಿರಣ BC ಅಂಚಿನಾಚೆ ಹೋಗಿದೆ. `u + v <= 1` ಎನ್ನುವುದನ್ನು ಮರೆತು `v <= 1` ಅಂತ ಬರೆದವರ ಚಿತ್ರದಲ್ಲಿ ತ್ರಿಭುಜದ ಜಾಗದಲ್ಲಿ ಸಮಾಂತರ ಚತುರ್ಭುಜ ಕಾಣುತ್ತದೆ. ಗುರುತು ಹಿಡಿಯುವುದು ಸುಲಭ.

ಇನ್ನೊಂದು ಗಮನಿಸಬೇಕಾದ ಸಂಗತಿ det ಋಣ ಬಂದಿರುವುದು. det = −N·D. ಋಣ ಎಂದರೆ ನಾರ್ಮಲ್ ಮತ್ತು ಕಿರಣ ಒಂದೇ ಕಡೆಗೆ ಮುಖ ಮಾಡಿವೆ, ಕಿರಣ ತ್ರಿಭುಜದ ಬೆನ್ನಿಗೆ ಬಡಿಯುತ್ತಿದೆ. ಹುಡುಕಿದಾಗ ಸಿಗುವ ಕೆಲವು ಕೋಡ್‌ಗಳಲ್ಲಿ `if (det < EPSILON) return false` ಅಂತ ಇರುತ್ತದೆ. ಅದು ಬೆನ್ನು ಕಾಣುವ ತ್ರಿಭುಜಗಳನ್ನು ಬಿಸಾಡುವ ರೂಪ. ನಮ್ಮ ಉದಾಹರಣೆ ಅದರಲ್ಲಿ ತಾಗುವುದೇ ಇಲ್ಲ. ಕ್ಯಾಮೆರಾ ಕಿರಣಕ್ಕೆ ಅದು ಸರಿ ಇರಬಹುದು. ಗಾಜಿನ ಒಳಗಿಂದ ಹೊರಬರುವ ಕಿರಣಕ್ಕೆ ಅದೇ ಕೋಡ್ ಬಳಸಿದರೆ ಕೆಲಸ ಕೆಟ್ಟಿತು. ಕಿರಣ ಹೊರಬರುವಾಗ ಬಡಿಯುವುದು ಬೆನ್ನಿಗೇ ಅಲ್ವಾ?

ಆ EPSILON ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1997ರ ಕೋಡ್‌ನಲ್ಲಿ ಅದು 0.000001. ಜನ ಅದನ್ನು ಹಾಗೇ ನಕಲು ಮಾಡುತ್ತಾ ಬಂದಿದ್ದಾರೆ. ಆದರೆ det ಎನ್ನುವುದು ಅಳತೆಗೆ ಅಂಟಿಕೊಂಡ ಸಂಖ್ಯೆ. ಅಂಚುಗಳ ಉದ್ದ ಅರ್ಧವಾದರೆ det ಕಾಲು ಭಾಗವಾಗುತ್ತದೆ. ಮೀಟರ್ ಲೆಕ್ಕದ ಒಂದು ದೃಶ್ಯದಲ್ಲಿ 1 ಮಿಲಿಮೀಟರ್ ಅಂಚಿನ ತ್ರಿಭುಜಗಳಿವೆ ಅಂದುಕೊಳ್ಳಿ. ಸ್ಕ್ಯಾನ್ ಮಾಡಿದ ಪ್ರತಿಮೆಗಳಲ್ಲಿ ಇದೇನೂ ಅಪರೂಪವಲ್ಲ. ಅಂಚು 0.001, ಎರಡರ ಗುಣಲಬ್ಧ 0.000001. ಕಿರಣ ನೇರ ಮುಖಕ್ಕೆ ಬಂದಾಗ det ಸರಿಯಾಗಿ ಗೆರೆಯ ಮೇಲೆ ನಿಲ್ಲುತ್ತದೆ. ಸ್ವಲ್ಪ ಓರೆಯಾದರೆ ಅದಕ್ಕಿಂತ ಕಡಿಮೆ. ಅಷ್ಟೂ ತ್ರಿಭುಜಗಳು ಮಾಯ! ಅದೇ ಮಾಡೆಲ್ ಮಿಲಿಮೀಟರ್ ಲೆಕ್ಕದಲ್ಲಿ ಇದ್ದರೆ det 1ರ ಆಸುಪಾಸು ಇರುತ್ತದೆ, ಎಲ್ಲ ಚೆನ್ನಾಗಿ ಕಾಣುತ್ತದೆ. ಮಾಡೆಲ್ ಅನ್ನು ಸಾವಿರ ಪಟ್ಟು ದೊಡ್ಡದು ಮಾಡಿದಾಗ ತೂತುಗಳು ಮುಚ್ಚಿಕೊಂಡರೆ ನಿಮ್ಮ EPSILON ಅಪರಾಧಿ. ಇನ್ನೇನೂ ಹುಡುಕಬೇಡಿ.

ಅದಕ್ಕೇ ಮೇಲಿನ ಕೋಡ್‌ನಲ್ಲಿ `det == 0` ಮಾತ್ರ ಇದೆ. det ತೀರಾ ಚಿಕ್ಕದಾಗಿ `inv` ಅನಂತವಾದರೂ ಭಯ ಇಲ್ಲ. ಅನಂತವನ್ನು ಸೊನ್ನೆಯಿಂದ ಗುಣಿಸಿದರೆ NaN ಬರುತ್ತದೆ. `!=` ಒಂದನ್ನು ಬಿಟ್ಟರೆ NaN ಜೊತೆಗಿನ ಯಾವ ಹೋಲಿಕೆಯೂ ಸುಳ್ಳೇ. `if (u < 0 || u > 1)` ಎಂದು ಬರೆದಿದ್ದರೆ NaN ಒಳಗೆ ನುಸುಳುತ್ತಿತ್ತು. `if (!(u >= 0 && u <= 1))` ಎಂದು ತಿರುಗಿಸಿ ಬರೆದರೆ ಅದು ಬಾಗಿಲಲ್ಲೇ ನಿಲ್ಲುತ್ತದೆ.

ಖರ್ಚಿನ ಲೆಕ್ಕವೂ ಸರಳ. ಕೊನೆತನಕ ಹೋದರೆ ಎರಡು ಕ್ರಾಸ್, ನಾಲ್ಕು ಡಾಟ್, ಒಂದು ಭಾಗಾಕಾರ. ಗುಣಾಕಾರ ಒಟ್ಟು 27. ಹೆಚ್ಚಿನ ಕಿರಣಗಳು u ಹಂತದಲ್ಲೇ ಹೊರಬೀಳುತ್ತವೆ, ಎರಡನೇ ಕ್ರಾಸ್ ಆಗುವುದೇ ಇಲ್ಲ. ಮೂಲೆಗಳನ್ನು ಬಿಟ್ಟು ಬೇರೇನನ್ನೂ ನೆನಪಿಡಬೇಕಿಲ್ಲ. ಮೂಲೆಗಳು ಹಂಚಿಕೊಂಡಿರುವ ತ್ರಿಭುಜಗಳ ಮುಚ್ಚಿದ ಬಲೆ, ಅಂದರೆ ಮೆಶ್‌ನಲ್ಲಿ ತ್ರಿಭುಜಗಳ ಸುಮಾರು ಅರ್ಧದಷ್ಟು ಮೂಲೆಗಳಿರುತ್ತವೆ. ಮೂರು ಇಂಡೆಕ್ಸ್‌ಗೆ 12 ಬೈಟ್, ಮೂಲೆಯ ಪಾಲು 6 ಬೈಟ್. ತ್ರಿಭುಜಕ್ಕೆ ಸುಮಾರು 18 ಬೈಟ್ ಸಾಕು.

D ಯ ಉದ್ದ 1 ಇರಲೇಬೇಕು ಎಂದು ಕೆಲವರು ಅಂದುಕೊಳ್ಳುತ್ತಾರೆ. ಬೇಕಿಲ್ಲ. t ಯ ಅಳತೆ D ಯ ಉದ್ದದಲ್ಲಿ ಬರುತ್ತದೆ, ಅಷ್ಟೇ. ಒಂದೇ ಮೆಶ್ ಅನ್ನು ಹಲವು ಕಡೆ ಬೇರೆ ಬೇರೆ ಗಾತ್ರದಲ್ಲಿ ಇಡುವವರು ಕಿರಣವನ್ನು ಮೆಶ್‌ನ ಜಾಗಕ್ಕೆ ತಿರುಗಿಸುತ್ತಾರೆ. ಆಗ D ಯನ್ನು ಸುಮ್ನೆ ನಾರ್ಮಲೈಸ್ ಮಾಡಲು ಹೋಗಬೇಡಿ. ಮಾಡಿದರೆ ಒಂದು ಮೆಶ್‌ನ t ಯನ್ನು ಇನ್ನೊಂದರ t ಜೊತೆ ಹೋಲಿಸಲು ಆಗುವುದಿಲ್ಲ.

## ಅಂಚಿನ ಮೇಲೆ ಬಿದ್ದ ಕಿರಣ

ಮುಚ್ಚಿದ ಮೆಶ್ ಒಂದರಲ್ಲಿ ಎರಡು ತ್ರಿಭುಜಗಳು ಒಂದು ಅಂಚನ್ನು ಹಂಚಿಕೊಂಡಿವೆ. ಕಿರಣ ಸರಿಯಾಗಿ ಆ ಅಂಚಿಗೆ ಬಂತು. ಮೊದಲ ತ್ರಿಭುಜದಲ್ಲಿ ಆ ಅಂಚು u = 0 ಆಗಿರಬಹುದು. ಎರಡನೆಯದರಲ್ಲಿ ಅದೇ ಅಂಚು u + v = 1 ಆಗಿರಬಹುದು. ಲೆಕ್ಕದ ಸೂತ್ರವೇ ಬೇರೆ, ರೌಂಡಿಂಗ್ ಕೂಡ ಬೇರೆ. ಮೊದಲನೆಯದು −0.00000003 ಕೊಟ್ಟು ಬೇಡ ಎನ್ನುತ್ತದೆ. ಎರಡನೆಯದು 1.0000001 ಕೊಟ್ಟು ತಾನೂ ಬೇಡ ಎನ್ನುತ್ತದೆ. ಕಿರಣ ನಡುವಿನಿಂದ ಹಾರಿಹೋಗುತ್ತದೆ.

ಚಿತ್ರದಲ್ಲಿ ಇದು ಹಿನ್ನೆಲೆಯ ಬಣ್ಣದ ಒಂಟಿ ಪಿಕ್ಸೆಲ್‌ಗಳಾಗಿ ಕಾಣುತ್ತದೆ. ಅವು ಅಂಚುಗಳ ಗೆರೆಯ ಮೇಲೇ ಸಾಲಾಗಿರುತ್ತವೆ, ಕ್ಯಾಮೆರಾ ಸ್ವಲ್ಪ ಅಲುಗಿದರೆ ಬೇರೆ ಕಡೆ ಹೋಗುತ್ತವೆ. ಕತ್ತಲೆ ಕೋಣೆಯ ದೃಶ್ಯವಾದರೆ ಗೋಡೆಯ ಮೂಲೆಯಲ್ಲಿ ಬಿಸಿಲಿನ ಚುಕ್ಕೆ ಬೀಳುತ್ತದೆ. ಪ್ರತಿ ಪಿಕ್ಸೆಲ್‌ಗೆ ನೂರಾರು ಕಿರಣ ಬಿಟ್ಟು ಸರಾಸರಿ ತೆಗೆಯುವವರಿಗೆ ಇದು ಗೊತ್ತೇ ಆಗದೆ ಬರೀ ಗದ್ದಲದ ಹಾಗೆ ಕಾಣಬಹುದು.

ಕಣ್ಣಿಗೆ ಬಿಡದೆ ಪರೀಕ್ಷಿಸುವುದು ಉತ್ತಮ. ಮುಚ್ಚಿದ ಗೋಳದ ಮೆಶ್ ಮಾಡಿ. ಒಳಗೆ ಎಲ್ಲೋ ಒಂದು ಬಿಂದು ಇಡಿ, ಸರಿಯಾಗಿ ಕೇಂದ್ರದಲ್ಲಿ ಬೇಡ. ಅಲ್ಲಿಂದ ಪ್ರತಿ ಮೂಲೆಗೆ ಮತ್ತು ಪ್ರತಿ ಅಂಚಿನ ಮೇಲಿನ ಹಲವು ಬಿಂದುಗಳಿಗೆ ಕಿರಣ ಬಿಡಿ. ಒಳಗಿಂದ ಹೊರಟ ಕಿರಣ ಎಲ್ಲಾದರೂ ತಾಗಲೇಬೇಕು. ತಾಗದ್ದು ಎಷ್ಟು ಅಂತ ಎಣಿಸಿ. ಸೊನ್ನೆ ಬರದಿದ್ದರೆ ನಿಮ್ಮ ಪರೀಕ್ಷೆ ಸೋರುತ್ತಿದೆ.

ಸುಲಭದ ತೇಪೆ ಒಂದಿದೆ. `u >= 0` ಬದಲು `u >= -0.00001` ಎಂದು ತ್ರಿಭುಜವನ್ನು ಸ್ವಲ್ಪ ಹಿಗ್ಗಿಸುವುದು. ತೂತು ಮುಚ್ಚುತ್ತದೆ. ಆದರೆ ಅಂಚಿನಲ್ಲಿ ಎರಡೂ ತ್ರಿಭುಜ ತಾಗುವುದು ಜಾಸ್ತಿಯಾಗುತ್ತದೆ. ಹತ್ತಿರದ್ದನ್ನು ಮಾತ್ರ ಆರಿಸುವ ಚಿತ್ರಕ್ಕೆ ಅದರಿಂದ ತೊಂದರೆ ಇಲ್ಲ. ಒಂದು ಬಿಂದು ವಸ್ತುವಿನ ಒಳಗಿದೆಯಾ ಎಂದು ನೋಡಲು ಕಿರಣ ಬಿಟ್ಟು, ತಾಗಿದ ಸಲ ಬೆಸವಾ ಸಮವಾ ಎಂದು ಎಣಿಸುವವರಿಗೆ ಮಾತ್ರ ಇದು ಸರಿಯಾಗಿ ಕೈಕೊಡುತ್ತದೆ.

## ಮೂರನೆಯ ದಾರಿ: ಸೋರದ ಪರೀಕ್ಷೆ

ಸ್ವೆನ್ ವೂಪ್, ಕಾರ್ಸ್ಟನ್ ಬೆಂತಿನ್ ಮತ್ತು ಇಂಗೋ ವಾಲ್ಡ್ 2013ರಲ್ಲಿ ಕೊಟ್ಟ ವಿಧಾನ ಈ ಸಮಸ್ಯೆಯ ಬುಡಕ್ಕೇ ಕೈ ಹಾಕುತ್ತದೆ. ತ್ರಿಭುಜದ ಬದಲು ಜಗತ್ತನ್ನೇ ಕಿರಣದ ಕಡೆಗೆ ಹೊಂದಿಸುವುದು ಅದರ ತಂತ್ರ. O ಮೂಲಬಿಂದುವಾಗುವಂತೆ ಮೂಲೆಗಳನ್ನು ಸರಿಸಬೇಕು. D ಯ ದೊಡ್ಡ ಭಾಗವಿರುವ ಅಕ್ಷವನ್ನು z ಎಂದು ಕರೆಯಬೇಕು. ಆಮೇಲೆ ಕಿರಣ ನೆಟ್ಟಗೆ z ಮೇಲೆ ಕೂರುವ ಹಾಗೆ ಎಲ್ಲವನ್ನೂ ಓರೆ ಎಳೆಯಬೇಕು, ಮೂಲೆಗಳ z ಗಳನ್ನು D ಯ z ಭಾಗದಿಂದ ಭಾಗಿಸಬೇಕು. ಈಗ ಪ್ರಶ್ನೆ ಚಪ್ಪಟೆಯಾಯಿತು: (0,0) ಬಿಂದು ಈ ಎರಡು ಆಯಾಮದ ತ್ರಿಭುಜದ ಒಳಗಿದೆಯಾ?

```
U = cx*by - cy*bx;
V = ax*cy - ay*cx;
W = bx*ay - by*ax;
if ((U<0 || V<0 || W<0) && (U>0 || V>0 || W>0)) return false;
det = U + V + W;
if (det == 0) return false;
T = U*az + V*bz + W*cz;   // t = T / det
```

ನಮ್ಮ ಉದಾಹರಣೆಯಲ್ಲಿ D ಆಗಲೇ z ಮೇಲಿದೆ, ಓರೆ ಎಳೆಯುವ ಕೆಲಸ ಇಲ್ಲ. ಸರಿಸಿದ ಮೇಲೆ A = (−1,−1,4), B = (3,−1,4), C = (−1,3,6). U = 1 − 9 = −8. V = −3 − 1 = −4. W = −3 − 1 = −4. ಮೂರೂ ಒಂದೇ ಚಿಹ್ನೆ, ತಾಗಿತು. det = −16, ಅದೇ ಹಳೆಯ −16. ಭಾಗಿಸಿದರೆ 0.5, 0.25, 0.25. T = −32 − 16 − 24 = −72, t = 4.5.

ಹುಷಾರಾಗಿರಬೇಕಾದ ಜಾಗ: ಇಲ್ಲಿ U ಎನ್ನುವುದು A ಯ ತೂಕ. ಮೊಲ್ಲರ್–ಟ್ರಂಬೋರ್‌ನಲ್ಲಿ u ಎಂದರೆ B ಯ ತೂಕ. ಒಂದು ಕೋಡ್ ತೆಗೆದು ಇನ್ನೊಂದನ್ನು ಹಾಕಿದಾಗ ಆಕಾರ ಸರಿ ಬಂದು ಟೆಕ್ಸ್ಚರ್ ಮಾತ್ರ ಪ್ರತಿ ತ್ರಿಭುಜದೊಳಗೆ ತಿರುಗಿಕೊಂಡಿದ್ದರೆ ಇದೇ ಕಾರಣ. A ಗೆ ಕೆಂಪು, B ಗೆ ಹಸಿರು, C ಗೆ ನೀಲಿ ಕೊಟ್ಟು ಒಂದೇ ತ್ರಿಭುಜ ಬಿಡಿಸಿ ನೋಡಿ. ಒಂದು ನೋಟದಲ್ಲಿ ಗೊತ್ತಾಗುತ್ತದೆ.

ಇದು ಯಾಕೆ ಸೋರುವುದಿಲ್ಲ? ಓರೆ ಎಳೆದ bx, by ಗಳು B ಮೂಲೆ ಮತ್ತು ಕಿರಣವನ್ನು ಮಾತ್ರ ನೋಡಿ ಬಂದವು. ಯಾವ ತ್ರಿಭುಜದ ಲೆಕ್ಕದಲ್ಲಿದ್ದರೂ ಅವು ಕೊನೆಯ ಬಿಟ್ ತನಕ ಒಂದೇ. BC ಅಂಚಿನ U ಈ ನಾಲ್ಕು ಸಂಖ್ಯೆಗಳಿಂದಷ್ಟೇ ಬರುತ್ತದೆ. ಪಕ್ಕದ ತ್ರಿಭುಜ ಅದೇ ಅಂಚನ್ನು ತಿರುವುಮುರುವಾಗಿ ನೋಡುತ್ತದೆ, ಅದಕ್ಕೆ ಸರಿಯಾಗಿ ಚಿಹ್ನೆ ಮಾತ್ರ ಬದಲಾದ ಅದೇ ಸಂಖ್ಯೆ ಸಿಗುತ್ತದೆ. ಒಂದು ಕಡೆ ಕಿರಣ ಹೊರಗಿದೆ ಎಂದರೆ ಇನ್ನೊಂದು ಕಡೆ ಅದೇ ಅಂಚಿಗೆ ಒಳಗಿದೆ ಎಂದೇ ಬರಬೇಕು. ಇಬ್ಬರೂ ಬೇಡ ಎನ್ನಲು ದಾರಿಯೇ ಇಲ್ಲ.

ಉಳಿಯುವುದು U ಸೊನ್ನೆಯಾದ ಸಂದರ್ಭ. ಎರಡು ಗುಣಲಬ್ಧಗಳನ್ನು ರೌಂಡ್ ಮಾಡಿ ಕಳೆದಾಗ ಚಿಹ್ನೆ ಉಲ್ಟಾ ಆಗುವುದಿಲ್ಲ. ದೊಡ್ಡದು ರೌಂಡ್ ಆದ ಮೇಲೂ ಚಿಕ್ಕದಕ್ಕಿಂತ ಕಡಿಮೆಯಾಗದು. ಹೆಚ್ಚೆಂದರೆ ಎರಡೂ ಸಮವಾಗಿ ಸೊನ್ನೆ ಬರಬಹುದು. ಆಗ ಮಾತ್ರ ಡಬಲ್‌ನಲ್ಲಿ ಮತ್ತೆ ಲೆಕ್ಕ ಹಾಕುತ್ತಾರೆ. 24 ಬಿಟ್‌ನ ಎರಡು ಸಂಖ್ಯೆಗಳ ಗುಣಲಬ್ಧಕ್ಕೆ 48 ಬಿಟ್ ಸಾಕು. ಡಬಲ್‌ನಲ್ಲಿ 53 ಇವೆ. ಆದ್ದರಿಂದ ಅಲ್ಲಿ ಬರುವ ಚಿಹ್ನೆ ಖಚಿತ. ಈ ಡಬಲ್ ಲೆಕ್ಕ ಅಪರೂಪಕ್ಕೆ ನಡೆಯುವುದರಿಂದ ವೇಗಕ್ಕೆ ದೊಡ್ಡ ಪೆಟ್ಟಿಲ್ಲ.

ಆದರೆ ಈ ಇಡೀ ವಾದವನ್ನು ಕಂಪೈಲರ್ ಸದ್ದಿಲ್ಲದೆ ಮುರಿಯಬಲ್ಲದು. ಗುಣಿಸಿ ಕೂಡುವುದನ್ನು ಒಂದೇ ಸೂಚನೆಯಲ್ಲಿ ಮಾಡುವ ಎಫ್‌ಎಂಎ ಇರುವ ಪ್ರೊಸೆಸರ್‌ಗೆ ಕಂಪೈಲ್ ಮಾಡಿದರೆ, `cx*by - cy*bx` ನಲ್ಲಿ ಒಂದು ಗುಣಲಬ್ಧ ರೌಂಡ್ ಆಗುತ್ತದೆ, ಇನ್ನೊಂದು ಆಗುವುದಿಲ್ಲ. ಪಕ್ಕದ ತ್ರಿಭುಜದಲ್ಲಿ ಯಾವುದು ರೌಂಡ್ ಆಗುತ್ತದೆ ಎಂಬುದು ಅದಲು ಬದಲಾಗುತ್ತದೆ. ಚಿಹ್ನೆ ಮಾತ್ರ ಬೇರೆಯಾದ ಅದೇ ಸಂಖ್ಯೆ ಎನ್ನುವ ಭರವಸೆ ಅಲ್ಲಿಗೆ ಹೋಯಿತು. ಜಿಸಿಸಿ ಇದನ್ನು ಕೇಳದೆಯೇ ಮಾಡುತ್ತದೆ. ಈ ಫೈಲಿಗೆ `-ffp-contract=off` ಹಾಕಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸೋರದ ಕೋಡ್ `-march=native` ಹಾಕಿದ ಮೇಲೆ ಸೋರಲು ಶುರುವಾದರೆ ಮೊದಲು ಇಲ್ಲೇ ನೋಡಿ.

ಇನ್ನೊಂದು ಮಿತಿ. ತ್ರಿಭುಜದ ಪರೀಕ್ಷೆ ಸೋರದಿದ್ದರೆ ಸಾಲದು. ಕಿರಣ ತ್ರಿಭುಜದ ತನಕ ಬರುವ ಮೊದಲು, ತ್ರಿಭುಜಗಳನ್ನು ಗುಂಪು ಮಾಡಿ ಪೆಟ್ಟಿಗೆಯೊಳಗೆ ಪೆಟ್ಟಿಗೆಯಾಗಿ ಜೋಡಿಸಿಡುವ ಬಿವಿಎಚ್‌ನ ಪೆಟ್ಟಿಗೆಗಳನ್ನು ದಾಟಿ ಬರಬೇಕು. ಪೆಟ್ಟಿಗೆಯ ಪರೀಕ್ಷೆ ರೌಂಡಿಂಗ್‌ನಿಂದ ಕಿರಣವನ್ನು ಹೊರಗೆ ಹಾಕಿದರೆ ತ್ರಿಭುಜಕ್ಕೆ ಅವಕಾಶವೇ ಸಿಗುವುದಿಲ್ಲ. ಪೆಟ್ಟಿಗೆಯ ದೂರದ ಬದಿಯನ್ನು ಒಂದೆರಡು ಫ್ಲೋಟ್ ಹೆಜ್ಜೆಯಷ್ಟು ಹಿಗ್ಗಿಸುವುದು ರೂಢಿ. ಇಂಟೆಲ್‌ನ ರೇ ಟ್ರೇಸಿಂಗ್ ಲೈಬ್ರರಿ ಎಂಬ್ರೀ ಬಳಸುವವರು `RTC_SCENE_FLAG_ROBUST` ಹಾಕಿದರೆ ಪೆಟ್ಟಿಗೆ ದಾಟುವುದೂ ತ್ರಿಭುಜದ ಲೆಕ್ಕವೂ ಎರಡೂ ಜಾಗ್ರತೆಯ ರೂಪಕ್ಕೆ ಬದಲಾಗುತ್ತವೆ.

## ಮೊದಲೇ ಲೆಕ್ಕ ಮಾಡಿಟ್ಟರೆ?

ನಾಲ್ಕನೆಯದೊಂದು ದಾರಿಯೂ ಇದೆ. ಪ್ರತಿ ತ್ರಿಭುಜಕ್ಕೂ ಒಂದು ಮ್ಯಾಟ್ರಿಕ್ಸ್ ಮೊದಲೇ ತೆಗೆದಿಟ್ಟು, ಕಿರಣವನ್ನು ಅದರಿಂದ ಗುಣಿಸಿ u, v, t ನೇರ ಓದುವುದು. ಬಾಲ್ಡ್‌ವಿನ್ ಮತ್ತು ವೆಬರ್ 2016ರಲ್ಲಿ ಬರೆದದ್ದು ಈ ಬಗೆಯದು. ಲೆಕ್ಕ ಕಡಿಮೆ, ನೆನಪು ಜಾಸ್ತಿ. ತ್ರಿಭುಜಕ್ಕೆ 48 ಬೈಟ್ ಇಟ್ಟರೆ ಹತ್ತು ಲಕ್ಷ ತ್ರಿಭುಜಕ್ಕೆ 48 ಎಂಬಿ. ಮೇಲೆ ಹೇಳಿದ ಇಂಡೆಕ್ಸ್ ರೂಪದಲ್ಲಿ ಸುಮಾರು 18 ಎಂಬಿ. ಈಗಿನ ಪ್ರೊಸೆಸರ್‌ಗಳು ಗುಣಿಸುವುದಕ್ಕಿಂತ ಮೆಮೊರಿಯಿಂದ ತರುವುದಕ್ಕೇ ಹೆಚ್ಚು ಹೊತ್ತು ಕಾಯುತ್ತವೆ. ಮಾಡೆಲ್ ಕುಣಿಯುತ್ತಿದ್ದರೆ ಪ್ರತಿ ಫ್ರೇಮ್‌ಗೂ ಎಲ್ಲ ಮ್ಯಾಟ್ರಿಕ್ಸ್ ಹೊಸದಾಗಿ ಬೇಕು. ಅಂಚು ಸೋರುವ ಕಾಯಿಲೆಯೂ ಇದಕ್ಕಿದೆ, ಯಾಕೆಂದರೆ ರೌಂಡಿಂಗ್ ಪ್ರತಿ ತ್ರಿಭುಜದ ಖಾಸಗಿ ವಿಷಯ. ಕದಲದ ಚಿಕ್ಕ ದೃಶ್ಯಕ್ಕೆ ತುಂಬಾ ಕಿರಣ ಬಿಡುವವರು ಅಳೆದು ನೋಡಬಹುದು. ಬೇರೆಯವರಿಗೆ ನಾನು ಹೇಳುವುದಿಲ್ಲ.

## ಹಾಗಾದರೆ ಯಾವುದು?

ಮೌಸ್ ಕ್ಲಿಕ್ ಮಾಡಿದ ಜಾಗದಲ್ಲಿ ಯಾವ ವಸ್ತು ಇದೆ ಎಂದು ಹುಡುಕಲು, ಆಟದಲ್ಲಿ ಗುಂಡು ತಾಗಿತಾ ನೋಡಲು, ಕಲಿಯುವವರ ಮೊದಲ ರೇ ಟ್ರೇಸರ್‌ಗೆ ಮೊಲ್ಲರ್–ಟ್ರಂಬೋರ್ ಸಾಕು. ಹದಿನೈದು ಸಾಲಿನೊಳಗೆ ಮುಗಿಯುತ್ತದೆ. ಅಂಚಿನಲ್ಲಿ ಅಪರೂಪಕ್ಕೆ ತಪ್ಪಿದರೆ ಕ್ಲಿಕ್ ಮತ್ತೊಮ್ಮೆ ಮಾಡಿದರಾಯಿತು.

ಮುಚ್ಚಿದ ಮೆಶ್ ಮೇಲೆ ಬೆಳಕಿನ ಲೆಕ್ಕ ಮಾಡುವವರು, ಒಳಗಾ ಹೊರಗಾ ಎಂದು ತೀರ್ಮಾನಿಸುವವರು, ಗಾಜು ನೀರು ಬಿಡಿಸುವವರು ಸೋರದ ಪರೀಕ್ಷೆಯನ್ನೇ ತೆಗೆದುಕೊಳ್ಳಬೇಕು. ಕೋಡ್ ಸ್ವಲ್ಪ ಉದ್ದ, ಆದರೆ ಕಿರಣದ ಓರೆ ಎಳೆಯುವ ಸಂಖ್ಯೆಗಳನ್ನು ಕಿರಣಕ್ಕೆ ಒಂದೇ ಸಲ ತೆಗೆದರೆ ಸಾಕು. ಒಂದು ಕಿರಣ ಹಲವು ತ್ರಿಭುಜ ನೋಡುವಾಗ ಆ ಖರ್ಚು ಹಂಚಿಹೋಗುತ್ತದೆ. ಬೆಸ ಸಮ ಎಣಿಸುವವರು ಮಾತ್ರ ಒಂದು ನೆನಪಿಡಬೇಕು. ಕನಿಷ್ಠ ಒಂದು ತ್ರಿಭುಜ ತಾಗುತ್ತದೆ ಎಂಬುದಷ್ಟೇ ಇದರ ಭರವಸೆ. ಡಬಲ್‌ನಲ್ಲೂ U ಸೊನ್ನೆಯೇ ಬಂದರೆ ಎರಡೂ ತಾಗುತ್ತವೆ. ಅಂಥ ಕಿರಣವನ್ನು ಬಿಟ್ಟು ಬೇರೆ ದಿಕ್ಕಿಗೆ ಇನ್ನೊಂದು ಬಿಡುವುದೇ ಸರಳ.

ಸಮತಲ ಮೊದಲು ಎನ್ನುವ ದಾರಿಗೆ ಜಾಗ ಇಲ್ಲವೇ ಎಂದರೆ, ಇದೆ. ನಾಲ್ಕೈದು ಬದಿಗಳ ಚಪ್ಪಟೆ ಬಹುಭುಜಗಳಿದ್ದರೆ, ಅಥವಾ ಡಿಕ್ಕಿಯ ಲೆಕ್ಕಕ್ಕೆ ಸಮತಲವನ್ನು ಆಗಲೇ ಇಟ್ಟುಕೊಂಡಿದ್ದರೆ ಅದೇ ಸರಿ. ಡಾಟ್‌ಗಳ ರೂಪ ಬೇಡ, ಅಕ್ಷ ಬಿಡುವ ರೂಪ ಇರಲಿ.

ಯಾವುದನ್ನು ಆರಿಸಿದರೂ ತಾಗಿದ ಬಿಂದುವನ್ನು O + t*D ಯಿಂದ ತೆಗೆಯಬೇಡಿ, w*A + u*B + v*C ಯಿಂದ ತೆಗೆಯಿರಿ. ಕ್ಯಾಮೆರಾ 10 ಕಿಲೋಮೀಟರ್ ದೂರವಿದ್ದರೆ t ಸುಮಾರು 10,000. ಅಷ್ಟು ದೊಡ್ಡ ಫ್ಲೋಟ್‌ಗೆ ಹೆಜ್ಜೆಯ ಅಳತೆಯೇ ಹತ್ತಿರ ಹತ್ತಿರ 1 ಮಿಲಿಮೀಟರ್. ಬಿಂದು ಮೇಲ್ಮೈಯಿಂದ ಅಷ್ಟು ಒಳಗೋ ಹೊರಗೋ ಬೀಳುತ್ತದೆ. ಅಲ್ಲಿಂದ ನೆರಳಿನ ಕಿರಣ ಬಿಟ್ಟರೆ ಅದು ತಾನು ಹೊರಟ ತ್ರಿಭುಜಕ್ಕೇ ಬಡಿದು ಮೇಲ್ಮೈ ತುಂಬಾ ಕಪ್ಪು ಚುಕ್ಕೆ ಎಬ್ಬಿಸುತ್ತದೆ. ತೂಕಗಳಲ್ಲಿ ತಪ್ಪಿದ್ದರೂ ಅದು ಬಿಂದುವನ್ನು ತ್ರಿಭುಜದ ಉದ್ದಕ್ಕೆ ಜಾರಿಸುತ್ತದೆ, ಮೇಲ್ಮೈಯಿಂದ ಎತ್ತುವುದಿಲ್ಲ.

ಗ್ರಾಫಿಕ್ಸ್ ಕಾರ್ಡಿನ ರೇ ಟ್ರೇಸಿಂಗ್ ಹಾರ್ಡ್‌ವೇರ್ ಬಳಸುವವರಿಗೆ ಈ ಆಯ್ಕೆಯೇ ಇಲ್ಲ. ಡೈರೆಕ್ಟ್‌ಎಕ್ಸ್‌ನ ನಿಯಮಗಳು ಸೋರದ ಪರೀಕ್ಷೆಯನ್ನು ಕಡ್ಡಾಯ ಮಾಡಿವೆ. ಶೇಡರ್‌ಗೆ ಸಿಗುವುದು `barycentrics` ಎನ್ನುವ ಎರಡು ಸಂಖ್ಯೆ. x ಎರಡನೆಯ ಮೂಲೆಯದು, y ಮೂರನೆಯದು. ಮೊದಲ ಮೂಲೆಯ ತೂಕ `1 - x - y` ಎಂದು ನೀವೇ ತೆಗೆಯಬೇಕು.